ಬೇಡ ಅಂದವರು ಯಾರು?

ಪ್ರೀತಿಯ ತಂಗಿ,

ಚಳ್ಳಕೆರೆ ಕಡೆಯ ಹುಡುಗಿಯೊಬ್ಬಳು ಓದಲು ಬೆಂಗಳೂರಿಗೆ ಹೊರಡುವ ನಿನ್ನ ಕಾದಂಬರಿಯ ಹಸ್ತಪ್ರತಿ ಓದಿ ಮುಗಿಸಿದೆ. ಜೊತೆಗಿದ್ದ ಚೀಟಿಯನ್ನೂ ಓದಿದೆ. ‘ಚೆನ್ನಾಗಿಲ್ಲ ಅಂದ್ರೆ ಬರೆಯೋದನ್ನೇ ಬಿಟ್ಬಿಡ್ತೀನಿ ಮೇಡಂ’ ಅಂತ ಬರೆದಿದ್ದೀಯ. ಬಿಡುವುದು, ಬಿಡದಿರುವುದು ನಿನ್ನಿಷ್ಟ. ಆ ಭಾರವನ್ನು ನನ್ನ ತಲೆಗೆ ಕಟ್ಟಬೇಡ. ಕಾಗುಣಿತ, ಪ್ಯಾರಾ, ಪ್ರಕಾಶಕರು ಅಂತ ಏನೇನೋ ಕೇಳಿದ್ದೀಯ. ಅದನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ನನಗೆ ಜಗಳ ಇರುವುದು ನಿನ್ನ ಮೂರನೇ ಅಧ್ಯಾಯದ ಜೊತೆ.

ಹನ್ನೆರಡು ಅಧ್ಯಾಯ ನೋಡಿದ ಕೂಡಲೇ ಎಲ್ಲಿಂದ ಬಂತು ಅಂತ ಗೊತ್ತಾಯಿತು. 1949ರಲ್ಲಿ ಜೋಸೆಫ್ ಕ್ಯಾಂಪ್‌ಬೆಲ್ ಅನ್ನುವ ಅಮೆರಿಕದ ವಿದ್ವಾಂಸರು ದೇಶದೇಶದ ಪುರಾಣಗಳನ್ನು ಒಟ್ಟಿಗಿಟ್ಟು, ವೀರ ಮನೆಯಿಂದ ಹೊರಡುತ್ತಾನೆ, ಪರೀಕ್ಷೆಗೆ ಸಿಕ್ಕುತ್ತಾನೆ, ಏನನ್ನೋ ಗಳಿಸಿ ಮರಳುತ್ತಾನೆ ಅಂತ ಹದಿನೇಳು ಹಂತದ ದಾರಿ ತೋರಿಸಿದರು. ಹಾಲಿವುಡ್‌ನಲ್ಲಿ ಕೆಲಸ ಮಾಡುತ್ತಿದ್ದ ಕ್ರಿಸ್ಟೋಫರ್ ವೋಗ್ಲರ್ ಅದನ್ನು ಹನ್ನೆರಡಕ್ಕೆ ಇಳಿಸಿದರು. ನೀನು ಹಂತಕ್ಕೊಂದು ಅಧ್ಯಾಯ ಬರೆದಿದ್ದೀಯ. ತಪ್ಪೇನಿಲ್ಲ.

ಆ ಪಟ್ಟಿಯಲ್ಲಿ ಮೂರನೆಯದು ಕರೆಯನ್ನು ನಿರಾಕರಿಸುವುದು. ಕರೆ ಬಂದಾಗ ವೀರ ಮೊದಲು ಹಿಂಜರಿಯುತ್ತಾನೆ. ಅದಕ್ಕೇ ನಿನ್ನ ಹುಡುಗಿ ಮಾಳಿಗೆ ಮೇಲೆ ಕೂತು ‘ಅಷ್ಟು ದೊಡ್ಡ ಊರಲ್ಲಿ ನಾನು ಬದುಕಬಲ್ಲೆನಾ’ ಅಂತ ಅಳುತ್ತಾಳೆ. ಅಲ್ಲಮ್ಮಾ, ಎರಡನೇ ಅಧ್ಯಾಯದಲ್ಲಿ ಇದೇ ಹುಡುಗಿ ಗ್ರಾಮೀಣ ಅಭ್ಯಾಸದ ಸರ್ಟಿಫಿಕೇಟಿಗೆ ಸಹಿ ಬೇಕು ಅಂತ ಒಬ್ಬಳೇ ಚಳ್ಳಕೆರೆ ಬಿಇಒ ಆಫೀಸಿಗೆ ಹೋಗಿದ್ದಳು. ಸಾಹೇಬರು ಊಟಕ್ಕೆ ಹೋಗಿದ್ದಾರೆ ಅಂದಾಗ ಮೆಟ್ಟಿಲ ಮೇಲೆ ಕೂತು ಕಾದಳು. ಸಂಜೆ ಸಹಿ ಹಾಕಿಸಿಕೊಂಡೇ ಎದ್ದಳು. ನೀನು ಬರೆದಿರುವುದರಲ್ಲಿ ಅತ್ಯಂತ ಗಟ್ಟಿ ಪುಟ ಅದು. ಅಷ್ಟು ಹಟದ ಹುಡುಗಿ ಮರುದಿನ ಮಾಳಿಗೆ ಹತ್ತಿ ಯಾಕೆ ಅಳುತ್ತಾಳೆ? ಪಟ್ಟಿಯಲ್ಲಿ ಇದೆ ಅಂತ ಅಳುತ್ತಾಳೆ, ಅಷ್ಟೆ.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಓದಿನ ಕರೆ ಬಂದರೆ ಬೇಡ ಅನ್ನುವವರು ಬೇರೆಯವರು. ಅಪ್ಪ, ಚಿಕ್ಕಪ್ಪ, ಅಜ್ಜಿ, ಪಕ್ಕದ ಮನೆಯವರು. ಕ್ಯಾಂಪ್‌ಬೆಲ್ ದಾರಿಯಲ್ಲಿ ನಿರಾಕರಣೆ ಒಂದು ಹಂತ, ಹಳೇ ಲೋಕ ಬಿಟ್ಟು ಹೊಸ್ತಿಲು ದಾಟುವುದು ಇನ್ನೊಂದು. ನಮ್ಮ ಹುಡುಗಿಗೆ ಎರಡೂ ಒಂದೇ ಕಡೆ, ಒಂದೇ ಹೊತ್ತಿನಲ್ಲಿ ನಡೆಯುತ್ತವೆ. ನೀನು ಹೊಸ್ತಿಲನ್ನು ಬಸ್ಸಿನ ಬಾಗಿಲಲ್ಲಿ ಇಟ್ಟಿದ್ದೀಯ. ಬಸ್ಸು ಬರೀ ಬಸ್ಸು. ದುರ್ಗ ಬಿಟ್ಟರೆ ಒಂದು ನಿದ್ದೆಗೆ ಬೆಂಗಳೂರು.

ಆ ಅಧ್ಯಾಯವನ್ನು ಚಳ್ಳಕೆರೆಯ ಸೈಬರ್ ಸೆಂಟರಿಗೆ ತಗೊಂಡು ಹೋಗು. ಸಿಇಟಿಯಲ್ಲಿ ಸೀಟು ಹಂಚಿಕೆ ಆದಾಗ ಪರದೆ ಮೇಲೆ ನಾಲ್ಕು ಚಾಯ್ಸ್ ಬರುತ್ತವೆ, ನಿನಗೇ ಗೊತ್ತಲ್ಲ. ಒಂದು ಒತ್ತಿದರೆ ಈ ಸೀಟು ಸಾಕು, ಫೀ ಕಟ್ಟಿ ಸೇರುತ್ತೇನೆ ಅಂತ. ಎರಡು ಅಂದರೆ ಇದು ಇರಲಿ, ಮುಂದಿನ ಸುತ್ತಲ್ಲಿ ಇನ್ನೂ ಒಳ್ಳೆಯದು ಸಿಗುತ್ತಾ ನೋಡೋಣ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕು ಅಂದರೆ ಏನೂ ಬೇಡ, ಹೊರಗೆ ಹೋಗುತ್ತೇನೆ. ಕೊನೆಯ ದಿನಾಂಕವೂ ಅಲ್ಲೇ ಇರುತ್ತದೆ. ನಿರಾಕರಣೆ ಬರೆಯೋಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಮೌಸು ಅಂಗಡಿ ಹುಡುಗನ ಕೈಯಲ್ಲಿದೆ. ಚಿಕ್ಕಪ್ಪ ‘ನಾಲ್ಕು ಒತ್ತಪ್ಪ, ಇಲ್ಲೇ ಕಾಲೇಜಿಲ್ವಾ’ ಅನ್ನುತ್ತಾರೆ. ಅಪ್ಪ ಮಾತಾಡುವುದಿಲ್ಲ. ಶೇಂಗಾ ಬೀಜಕ್ಕೆ, ಗೊಬ್ಬರಕ್ಕೆ ದುಡ್ಡು ಹೋಗಿಯಾಗಿದೆ, ಕೈ ಖಾಲಿ. ಹಿಂದೆ ಇನ್ನೊಬ್ಬರು ‘ಬೇಗ ಮುಗಿಸ್ರೀ’ ಅನ್ನುತ್ತಿದ್ದಾರೆ. ಅಪ್ಪ ಕೊನೆಗೆ ಹೂಂ ಅನ್ನುತ್ತಾರೆ. ಆದರೆ ಬರೀ ಹೂಂ ಅಲ್ಲ. ಹಾಸ್ಟೆಲಲ್ಲೇ ಇರಬೇಕು, ಪಿಜಿ ಗಿಜಿ ಅಂತ ಹೋಗಬಾರದು. ದಿನಾ ರಾತ್ರಿ ಎಂಟಕ್ಕೆ ಫೋನ್ ಮಾಡಬೇಕು. ಅವ್ವನ ಸರ ಬ್ಯಾಂಕಲ್ಲಿ ಅಡ ಇಡೋಣ, ಕೆಲಸ ಸಿಕ್ಕ ಮೇಲೆ ನೀನೇ ಬಿಡಿಸಬೇಕು. ಹುಡುಗಿ ಎಲ್ಲದಕ್ಕೂ ತಲೆ ಆಡಿಸುತ್ತಾಳೆ. ಅವಳ ಕಣ್ಣು ಪರದೆ ಮೇಲೇ ಇದೆ. ಆ ಹೊತ್ತಲ್ಲಿ ಏನು ಕೇಳಿದ್ದರೂ ಒಪ್ಪುತ್ತಿದ್ದಳು. ಅಂಗಡಿ ಹುಡುಗ ಒಂದು ಒತ್ತುತ್ತಾನೆ. ಹೊಸ್ತಿಲು ದಾಟಿದ್ದು ಅಲ್ಲಿ.

ಈ ಷರತ್ತುಗಳೇ ನಿನ್ನ ಕಾದಂಬರಿಯ ಬಂಡವಾಳ. ಸುಮ್ನೆ ಹೇಳುತ್ತಿಲ್ಲ. ನಿನ್ನ ಆರು, ಏಳನೇ ಅಧ್ಯಾಯದಲ್ಲಿ ಮೆಜೆಸ್ಟಿಕ್‌ನಲ್ಲಿ ಪರ್ಸ್ ಕಳುವಾಗುತ್ತದೆ. ಕ್ಲಾಸಿನವರು ಅವಳ ಇಂಗ್ಲಿಷ್ ಕೇಳಿ ನಗುತ್ತಾರೆ. ಇವು ಯಾರಿಗೆ ಬೇಕಾದರೂ ಆಗುತ್ತವೆ. ಇವಳಿಗೇ ಆಗಬೇಕಾದ ಪರೀಕ್ಷೆ ಬೇರೆ ಇದೆ. ಕಾಲೇಜು ಶುರುವಾಗಿದೆ, ಸರ್ಕಾರಿ ಹಾಸ್ಟೆಲಿನ ಆಯ್ಕೆ ಪಟ್ಟಿ ಇನ್ನೂ ಬಂದಿಲ್ಲ. ಇರೋಕೆ ಜಾಗ ಬೇಕಲ್ಲ, ಪಿಜಿಗೆ ಹೋಗುತ್ತಾಳೆ. ತನ್ನದೇನೂ ತಪ್ಪಿಲ್ಲದೆ ಮೊದಲ ಮಾತು ಮುರಿಯಿತು. ಎಂಟು ಗಂಟೆಗೆ ಫೋನ್. ‘ಹಾಸ್ಟೆಲಲ್ಲಿ ಊಟ ಹೆಂಗೈತಿ?’ ಅಂತ ಅಪ್ಪ ಕೇಳುತ್ತಾರೆ. ‘ಚೆನ್ನಾಗೈತಿ’ ಅನ್ನುತ್ತಾಳೆ. ದೀಪಾವಳಿ ಹೊತ್ತಿಗೆ ಬೆಳೆ ಕಿತ್ತ ಮೇಲೆ ಅಪ್ಪ ಒಂದು ಚೀಲ ಹಸಿ ಶೇಂಗಾ ಹೊತ್ತುಕೊಂಡು, ಮುಂಚೆ ಹೇಳದೆ, ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು ‘ಹಾಸ್ಟೆಲ್ ಎಲ್ಲಿ ಬರುತ್ತೆ?’ ಅಂತ ಕೇಳಿದರೆ? ನಿನ್ನ ಎಂಟನೇ ಹಂತದ ಅಗ್ನಿಪರೀಕ್ಷೆ ಅದು. ಅದಕ್ಕಾಗಿ ನೀನು ತಂದ ಬೈಕ್ ಅಪಘಾತ ಬೇಡವೇ ಬೇಡ.

ನಿರಾಕರಣೆಯ ದೃಶ್ಯ ನಿಜವೋ ಸುಳ್ಳೋ ಅಂತ ನೋಡಲು ಅದನ್ನು ಕಿತ್ತು ಪಕ್ಕಕ್ಕಿಡು. ಮುಂದಿನ ಅಧ್ಯಾಯಗಳಲ್ಲಿ ಏನೂ ಕುಸಿಯದಿದ್ದರೆ ಅದು ಸುಳ್ಳು. ಮಾಳಿಗೆಯ ಅಳು ತೆಗೆದೆ, ಏನೂ ಆಗಲಿಲ್ಲ. ಸೈಬರ್ ಸೆಂಟರ್ ತೆಗೆದು ನೋಡು, ಫೋನೂ ಇಲ್ಲ, ಸುಳ್ಳೂ ಇಲ್ಲ, ಸರವೂ ಇಲ್ಲ.

ಎಲ್ಲ ಹುಡುಗಿಯರಿಗೂ ಇದು ಹೊಂದುವುದಿಲ್ಲ. ಖುಷಿಯಿಂದ ಕಳಿಸುವ ಮನೆಗಳು ಈಗ ಎಷ್ಟೋ ಇವೆ. ಅಲ್ಲಿ ಹಿಂಜರಿಕೆ ಅವಳೊಳಗೇ ಇರಬಹುದು. ಹೇಳದೆ ಓಡಿಹೋದವಳಿಗೆ ಷರತ್ತೇ ಇಲ್ಲ, ಅವಳ ಕಥೆಯ ಲೆಕ್ಕವೇ ಬೇರೆ. ನೀನು ಬರೆದಿರುವುದು ಕೇಳಿಕೊಂಡು ಹೋದವಳನ್ನು.

ಇದರಲ್ಲಿ ನನ್ನದೊಂದು ಹಳೇ ಸಿಟ್ಟೂ ಇದೆ. ನಿನ್ನ ವಯಸ್ಸಲ್ಲಿ ಒಂದು ಸ್ಪರ್ಧೆಗೆ ಕಥೆ ಕಳಿಸಿದ್ದೆ. ಹಿರಿಯರು ಪಡಸಾಲೆಯಲ್ಲಿ ತನ್ನ ಓದಿನ ಬಗ್ಗೆ ಮಾತಾಡುವಾಗ ಹುಡುಗಿ ಅಡುಗೆಮನೆ ಬಾಗಿಲ ಹಿಂದೆ ನಿಂತಿರುತ್ತಾಳೆ. ತೀರ್ಪುಗಾರರು ಪಕ್ಕದಲ್ಲಿ ಕೆಂಪು ಪೆನ್ನಲ್ಲಿ ‘ನಾಯಕಿ ಏನೂ ಮಾಡುವುದಿಲ್ಲ’ ಅಂತ ಗೀಚಿ ವಾಪಸ್ ಕಳಿಸಿದರು. ಏನೂ ಮಾಡುವುದಿಲ್ಲವಂತೆ! ಯಾವ ಮಾತಿಗೆ ಯಾರು ಸೋಲುತ್ತಾರೆ ಅಂತ ಅವಳು ಅಷ್ಟೂ ಹೊತ್ತು ಲೆಕ್ಕ ಹಾಕುತ್ತಿದ್ದಳು. ಮೊರೀನ್ ಮರ್ಡಾಕ್ ಅನ್ನುವ ಲೇಖಕಿ ಹೆಣ್ಣಿನ ಪಯಣದ ಬಗ್ಗೆ ಕೇಳಿದಾಗ, ಹೆಣ್ಣಿಗೆ ಪಯಣ ಬೇಕಿಲ್ಲ, ಜನ ತಲುಪಲು ಹೊರಟಿರುವ ಜಾಗವೇ ಅವಳು ಅನ್ನುವ ಅರ್ಥದಲ್ಲಿ ಕ್ಯಾಂಪ್‌ಬೆಲ್ ಉತ್ತರ ಕೊಟ್ಟರಂತೆ. ಮರ್ಡಾಕ್ ಒಪ್ಪದೆ 1990ರಲ್ಲಿ ನಾಯಕಿಗೇ ಬೇರೆ ದಾರಿ ಬರೆದರು. ಅದು ತಾಯಿಯಿಂದ ದೂರವಾಗುವುದರಿಂದ ಶುರುವಾಗುತ್ತದೆ. ನಿನ್ನ ಕಥೆಯಲ್ಲಿ ತಾಯಿಯೇ ಸರ ಬಿಚ್ಚಿಕೊಡುತ್ತಾಳೆ, ಹಾಗಾಗಿ ಅದನ್ನೂ ಕಣ್ಣುಮುಚ್ಚಿ ತಗೋಬೇಡ.

ಇನ್ನು ಕೊನೇ ಅಧ್ಯಾಯದಲ್ಲಿ ಹುಡುಗಿಯನ್ನು ಓಬವ್ವ ಮಾಡಿದ್ದೀಯ. ದುರ್ಗದವರಿಗೆ ಈ ಚಟ ಬಿಡುವುದಿಲ್ಲ ನೋಡು! ಓಬವ್ವ ಎಲ್ಲಿಗೂ ಹೋಗಲಿಲ್ಲ. ಕಿಂಡಿಯಲ್ಲಿ ನಿಂತು ಒಳಗೆ ಬರುವವರನ್ನು ತಡೆದಳು. ಕ್ಯಾಂಪ್‌ಬೆಲ್ ಭಾಷೆಯಲ್ಲಿ ಅವಳು ಹೊಸ್ತಿಲು ಕಾಯುವವಳು. ನಿನ್ನ ಕಥೆಯಲ್ಲಿ ಓಬವ್ವ ಇದ್ದರೆ ಅದು ಅಜ್ಜಿ. ಅವಳು ಮೊಮ್ಮಗಳನ್ನು ತಡೆಯುವುದು ದ್ವೇಷದಿಂದಲ್ಲ. ಮನೆ ಉಳಿಯಬೇಕು ಅನ್ನುವ ಹಟ ಅವಳದು. ಅಜ್ಜಿಗೆ ನೀನು ಬರೀ ಎರಡು ಸಾಲು ಕೊಟ್ಟಿದ್ದೀಯ, ಅನ್ಯಾಯ.

ಕಾರಲ್ಲಿ ಬಂದು ಶಾಲೆ ಮುಂದೆ ಹಾರ ಹಾಕಿಸಿಕೊಳ್ಳುವುದನ್ನು ಹೊಡೆದುಹಾಕು. ಅವಳು ಉಗಾದಿಗೆ, ದೀಪಾವಳಿಗೆ ಮನೆಗೆ ಬರುತ್ತಲೇ ಇದ್ದಳಲ್ಲ, ಕೊನೆಗೊಂದೇ ಮರಳುವಿಕೆ ಎಲ್ಲಿಂದ ಬಂತು? ಬ್ಯಾಂಕಿಗೆ ಹೋಗಿ ಸರ ಬಿಡಿಸಲಿ. ಅವ್ವ ಅದನ್ನು ಹಾಕಿಕೊಳ್ಳುತ್ತಾಳಾ, ತಮ್ಮನ ಫೀಸಿಗೆ ಮತ್ತೆ ಅಡ ಇಡುತ್ತಾಳಾ, ನೀನೇ ನೋಡು. ನನಗಂತೂ ಎರಡನೆಯದು ಅನ್ನಿಸುತ್ತದೆ.

ಮೂರನೇ ಅಧ್ಯಾಯ ಹೊಸದಾಗಿ ಬರೆದು ಕಳಿಸು. ಮೊಬೈಲಲ್ಲಿ ಫೋಟೋ ಹೊಡೆದು ಕಳಿಸಬೇಡ, ನನ್ನ ಕಣ್ಣಿಗೆ ಆಗುವುದಿಲ್ಲ. ಪ್ರಿಂಟ್ ಹಾಕಿಸಿ ಅಂಚೆಗೆ ಹಾಕು. ದಾವಣಗೆರೆ ಕಡೆ ಬಂದರೆ ಮನೆಗೆ ಬಾ, ಜಗಳವನ್ನು ದೋಸೆ ತಿನ್ನುತ್ತಾ ಮುಂದುವರಿಸೋಣ.

ನಿನ್ನ ಅಕ್ಕ,
ದಾವಣಗೆರೆ