ಮೊದಲು ತುಟಿ ನೋಡು, ಆಮೇಲೆ ಮಾತು ಬರೆ

ಮೈಸೂರು

ಪ್ರೀತಿಯ ತಂಗಿ,

ನೀನು ಮಂಡ್ಯದಿಂದ ಕಳಿಸಿದ ಡಬ್ಬಿಂಗ್ ಸಂಭಾಷಣೆಯ ಪುಟಗಳನ್ನು ಓದಿದೆ, ಜೊತೆಗಿದ್ದ ವಿಡಿಯೊ ತುಣುಕನ್ನೂ ನೋಡಿದೆ. ಕನ್ನಡ ಚೆನ್ನಾಗಿದೆ ಕಣಮ್ಮ. ಕಾಗದದಲ್ಲಿ ಓದಿದರೆ ಕಣ್ಣು ಒದ್ದೆಯಾಗುತ್ತದೆ. ಅದನ್ನೇ ಪರದೆಯ ಮೇಲಿನ ಮುಖಕ್ಕೆ ಕೂರಿಸಿದರೆ ಮಾತ್ರ ನಗು ಬರುತ್ತದೆ. ಏಕೆಂದು ವಿವರಿಸಲು ಇಡೀ ಚಿತ್ರ ಬೇಡ, ರೈಲು ನಿಲ್ದಾಣದ ದೃಶ್ಯದ ಒಂದೇ ಮಾತು ಸಾಕು.

ತೆಲುಗಿನಲ್ಲಿ ಆ ಹುಡುಗಿ ಹೇಳುವುದು ಇಷ್ಟು: ‘ಪೋವದ್ದು ಬಾವಾ. ನುವ್ವು ಪೋತೇ ನಾಕೆವರುನ್ನಾರು?’ ನೀನು ಬರೆದದ್ದು: ‘ಹೋಗಬೇಡ ಭಾವ. ನೀನು ಹೋದರೆ ನನಗೆ ಯಾರಿದ್ದಾರೆ?’ ಅರ್ಥದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ತುಟಿ ಮಾತ್ರ ಹೊಂದುವುದಿಲ್ಲ. ಕ್ಯಾಮೆರಾ ಅವಳ ಮುಖದಿಂದ ಒಂದು ಮೊಳ ದೂರದಲ್ಲಿದೆ. ಹಣೆಯಿಂದ ಗಲ್ಲದವರೆಗೆ ಬಿಟ್ಟರೆ ಚೌಕಟ್ಟಿನಲ್ಲಿ ಬೇರೇನೂ ಇಲ್ಲ. ಹಾಡಿಗೂ ಹೊಡೆದಾಟಕ್ಕೂ ಇಲ್ಲದ ಕಷ್ಟ ಪ್ರೇಮದ ದೃಶ್ಯಕ್ಕೆ ಇರುವುದು ಇದೇ ಕಾರಣಕ್ಕೆ: ಅಲ್ಲಿ ನಿರ್ದೇಶಕ ಪ್ರೇಕ್ಷಕನನ್ನು ತುಟಿಯ ಮುಂದೆಯೇ ತಂದು ಕೂರಿಸಿರುತ್ತಾನೆ.

ತೆಲುಗು, ತಮಿಳಿನಿಂದ ಕನ್ನಡಕ್ಕೆ ಬರೆಯುವವರು ಹಿಂದಿಯಿಂದ ಬರೆಯುವವರಿಗಿಂತ ಬೇಗ ಮೋಸ ಹೋಗುತ್ತಾರೆ. ವಾಕ್ಯದ ಕ್ರಮ ಒಂದೇ, ಪದಗಳು ಒಂದೇ ಬೇರಿನವು, ಆದ್ದರಿಂದ ಕೈ ತಾನಾಗಿ ಓಡುತ್ತದೆ. ಆದರೆ ಹಳಗನ್ನಡದ ‘ಪ’ಕಾರ ನಡುಗನ್ನಡದ ಹೊತ್ತಿಗೆ ನಮ್ಮಲ್ಲಿ ‘ಹ’ಕಾರವಾಯಿತು, ಅವರಲ್ಲಿ ‘ಪ’ಕಾರವಾಗಿಯೇ ಉಳಿಯಿತು. ನಮ್ಮ ಹಾಲು, ಹೂವು, ಹೆಣ್ಣು, ಹೋಗು ಎಲ್ಲವೂ ಅವರ ಬಾಯಲ್ಲಿ ತುಟಿ ಮುಚ್ಚಿಯೇ ಹೊರಡುತ್ತವೆ. ನಮ್ಮವು ಗಂಟಲಿನಿಂದ, ಬಾಯಿ ತೆರೆದುಕೊಂಡು ಬರುತ್ತವೆ. ಇನ್ನೊಂದು ಕಡೆ ಲೆಕ್ಕ ತಲೆಕೆಳಗಾಗುತ್ತದೆ. ತಮಿಳಿನ ‘ವಾ’ ನಮ್ಮಲ್ಲಿ ‘ಬಾ’, ಅವರ ‘ವಿಡು’ ನಮ್ಮ ‘ಬಿಡು’, ‘ವೇಣುಂ’ ನಮ್ಮ ‘ಬೇಕು’. ಅಲ್ಲಿ ಮೇಲಿನ ಹಲ್ಲು ಕೆಳತುಟಿಯನ್ನು ಸವರಿ ಹೋಗುತ್ತದೆ, ನಮ್ಮಲ್ಲಿ ಎರಡು ತುಟಿ ಪೂರ್ತಿ ಮುಚ್ಚಬೇಕು. ಹೀಗಾಗಿ ಒಡಹುಟ್ಟಿದ ಪದವನ್ನೇ ಇಟ್ಟಾಗ ಅವರು ಮುಚ್ಚಿದಲ್ಲಿ ನಾವು ತೆರೆದಿರುತ್ತೇವೆ, ಅವರು ತೆರೆದಲ್ಲಿ ನಾವು ಮುಚ್ಚಿರುತ್ತೇವೆ. ನಿನ್ನ ಪುಟಗಳಲ್ಲಿ ‘ಲಿಪ್ ಕೂತಿಲ್ಲ’ ಎಂದು ಸ್ಟುಡಿಯೊದವರು ಗುರುತು ಹಾಕಿರುವ ಜಾಗಗಳನ್ನು ಮತ್ತೆ ನೋಡು. ಬಹುಪಾಲು ಇವೇ.

ಆದ್ದರಿಂದ ಅರ್ಥಕ್ಕೆ ಹೋಗುವ ಮೊದಲು ದನಿ ತೆಗೆದು ತುಣುಕನ್ನು ನೋಡು. ತುಟಿ ಪೂರ್ತಿ ಮುಚ್ಚುವಲ್ಲಿ, ಅಂದರೆ ಪ, ಬ, ಮ ಬರುವಲ್ಲಿ, ಒಂದು ಚುಕ್ಕೆ ಹಾಕು. ಉ, ಓ ಎಂದು ದುಂಡಾಗುವಲ್ಲಿ ಸೊನ್ನೆ, ಬಾಯಿ ಅಗಲ ತೆರೆಯುವಲ್ಲಿ ಗೆರೆ. ಇಷ್ಟು ಮೂರು ಗುರುತು ಸಾಕು. ಕ, ತ, ನ, ಲ, ರ ಎಲ್ಲವೂ ಬಾಯೊಳಗೆ ನಡೆಯುವ ವ್ಯವಹಾರ, ಅವನ್ನು ಯಾರೂ ಹೊರಗಿನಿಂದ ಓದಲಾರರು. ಕಳಿಸಿಕೊಟ್ಟ ಸ್ಕ್ರಿಪ್ಟನ್ನು ನೋಡಿ ಗುರುತು ಹಾಕಬೇಡ. ತಮಿಳಿನ ಸ್ಕ್ರಿಪ್ಟಿನಲ್ಲಿ ‘ವೇಣುಂ’ ಎಂದು ‘ಮ್’ಕಾರಾಂತವಾಗಿ ಬರೆದಿರುತ್ತದೆ, ಮಾತಿನಲ್ಲಿ ಅದು ಮೂಗಿನೊಳಗೆ ಕರಗುತ್ತದೆ, ತುಟಿ ಮುಚ್ಚುವುದೇ ಇಲ್ಲ. ಕಾಗದವನ್ನು ನಂಬಿ ಅಲ್ಲೊಂದು ‘ಮ’ ಹಾಕಿದೆಯೋ, ಕೆಟ್ಟಿತು.

ಈಗ ಆ ಹುಡುಗಿಯ ಮಾತಿಗೆ ಬಾ. ‘ಪೋವದ್ದು ಬಾವಾ’ ಎಂಬಲ್ಲಿ ಮುಚ್ಚಿ ದುಂಡಾಗುತ್ತಾಳೆ, ನಡುವೆ ‘ವ’ ಸವರಿ ಹೋಗುತ್ತದೆ, ‘ದ್ದು’ ಎಂದು ಮತ್ತೆ ದುಂಡು, ಆಮೇಲೆ ಮುಚ್ಚಿ ‘ಆ’ ಎಂದು ತೆರೆಯುತ್ತಾಳೆ. ನಿನ್ನ ‘ಹೋಗಬೇಡ’ದಲ್ಲಿ ಮೊದಲ ಮುಚ್ಚುವಿಕೆ ಇಲ್ಲ. ಅಷ್ಟೇ ಅಲ್ಲ, ಅವಳು ತುಟಿ ದುಂಡಗೆ ಮಾಡಿ ನಿಂತಿರುವಾಗ ನಿನ್ನ ‘ಬೇ’ ಬಂದು ಬೀಳುತ್ತದೆ. ತುಟಿ ಮುಚ್ಚಿ ತೆರೆಯುವ ಕೆಲಸಕ್ಕೆ ಸಿನಿಮಾದಲ್ಲಿ ಎರಡು ಫ್ರೇಮಿನ ಆಸುಪಾಸು ಹಿಡಿಯುತ್ತದೆ. ಸೆಕೆಂಡಿಗೆ 24 ಫ್ರೇಮ್ ಎಂದರೆ ಅದು ಕಣ್ಣಿಗೆ ಚೆನ್ನಾಗಿಯೇ ಕಾಣುವಷ್ಟು ಹೊತ್ತು. ‘ಬೇಡ, ಇರು ಭಾವಾ’ ಎಂದು ಹೇಳಿಸಿ ನೋಡು. ‘ಬೇ’ಗೆ ತುಟಿ ಮುಚ್ಚಿತು, ‘ರು’ವಿನಲ್ಲಿ ದುಂಡಾಯಿತು, ‘ಭಾವಾ’ ಹೇಗಿತ್ತೋ ಹಾಗೆಯೇ ಕೂತಿತು. ಒಂದು ಅಕ್ಷರ ಹೆಚ್ಚಾಯಿತು ನಿಜ. ಹೇಳುವಾಗ ‘ಬೇಡ’ದ ಕೊನೆಯ ಸ್ವರ ‘ಇರು’ವಿನೊಳಗೆ ಇಳಿದುಹೋಗುವುದರಿಂದ ಹೊತ್ತು ಸರಿಹೋಗುತ್ತದೆ.

ಎರಡನೆಯ ಮಾತು ಇನ್ನೂ ರುಚಿಯಾದದ್ದು. ‘ನುವ್ವು ಪೋತೇ ನಾಕೆವರುನ್ನಾರು’, ಹತ್ತು ಅಕ್ಷರ, ಮೂರನೆಯದರಲ್ಲಿ ಮುಚ್ಚುವಿಕೆ. ನಿನ್ನದು ಹನ್ನೆರಡು ಅಕ್ಷರ, ಮುಚ್ಚುವಿಕೆ ಎಲ್ಲೂ ಇಲ್ಲ. ‘ನೀನು ಬಿಟ್ಟರೆ ನನಗಿನ್ಯಾರು?’ ಎಂದರೆ ಹತ್ತಕ್ಕೆ ಹತ್ತು ಅಕ್ಷರ, ಮೂರನೆಯದು ‘ಬಿ’, ಕೊನೆಯಲ್ಲಿ ಅವಳ ‘ನ್ನಾರು’ವಿನ ಮೇಲೆ ನಮ್ಮ ‘ನ್ಯಾರು’. ನೀನು ತೊರೆದರೆ ಎಂಬ ಅರ್ಥವೂ ಬಂತು, ನಿನ್ನ ಹೊರತು ಎಂಬ ಅರ್ಥವೂ ಬಂತು. ನಮ್ಮ ಕಡೆ ಅಳುವ ಹೆಣ್ಣುಮಗಳು ಆಡುವ ಮಾತೂ ಹೌದು.

ಇಲ್ಲಿಗೆ ಮುಗಿಸಬಹುದಿತ್ತು, ಆದರೆ ಅವಳ ಹುಬ್ಬು ನೋಡು. ‘ಎವರು’ ಎನ್ನುವಾಗ ಹುಬ್ಬು ಮೇಲೇರುತ್ತದೆ, ತಲೆ ಒಂದಿಷ್ಟು ಅಲುಗುತ್ತದೆ. ಪ್ರಶ್ನೆಯ ಭಾರವೆಲ್ಲ ಅಲ್ಲಿದೆ, ‘ಉನ್ನಾರು’ ಇಳಿಜಾರು. ನಮ್ಮ ‘ನನಗಿನ್ಯಾರು’ವಿನಲ್ಲಿ ‘ಯಾರು’ ಕೊನೆಗೆ ಬರುತ್ತದೆ, ಹುಬ್ಬು ಇಳಿದ ಮೇಲೆ ಪ್ರಶ್ನೆ ಕೇಳಿಸುತ್ತದೆ. ತುಟಿ ಕೂತೂ ಭಾವ ಕೂರದಿರುವುದು ಎಂದರೆ ಇದೇ. ‘ನೀನು ಬಿಟ್ಟರೆ ಯಾರು ನನಗೆ?’ ಎಂದು ತಿರುಗಿಸಿದರೆ ಅದೂ ಹತ್ತೇ ಅಕ್ಷರ, ‘ಯಾರು’ ಹುಬ್ಬಿನ ಹತ್ತಿರಕ್ಕೆ ಬರುತ್ತದೆ. ಆಗ ಕೊನೆಯ ‘ಗೆ’ ಕೈಕೊಡುತ್ತದೆ, ಏಕೆಂದರೆ ಅವಳ ತುಟಿ ‘ರು’ ಎಂದು ದುಂಡಾಗಿರುತ್ತದೆ. ಎರಡರಲ್ಲಿ ಯಾವುದು ಎಂಬುದನ್ನು ಎಡಿಟಿಂಗ್ ತೀರ್ಮಾನಿಸುತ್ತದೆ. ಮಾತು ಮುಗಿದೊಡನೆ ಚಿತ್ರ ಅವನ ಮುಖಕ್ಕೆ ಹೋಗುವುದಾದರೆ ‘ಯಾರು ನನಗೆ’ ಇರಲಿ, ಕೊನೆಯ ತುಟಿಯನ್ನು ನೋಡಲು ಯಾರಿಗೂ ಬಿಡುವಿರುವುದಿಲ್ಲ. ಮಾತು ಮುಗಿದರೂ ಕ್ಯಾಮೆರಾ ಅವಳ ಮೇಲೆಯೇ ನಿಲ್ಲುವುದಾದರೆ ಕೊನೆಯ ಅಕ್ಷರದ ಆಕಾರವೇ ಪ್ರೇಕ್ಷಕನ ಕಣ್ಣಲ್ಲಿ ಉಳಿಯುತ್ತದೆ, ಆಗ ‘ನನಗಿನ್ಯಾರು’. ನಿನ್ನ ತುಣುಕಿನಲ್ಲಿ ಕ್ಯಾಮೆರಾ ನಿಂತಿದೆ. ನಾನಾದರೆ ‘ನನಗಿನ್ಯಾರು’ ಬರೆದು, ‘ನನಗಿನ್’ ಎಂಬಲ್ಲಿಂದಲೇ ದನಿ ಏರಿಸುವಂತೆ ಕಲಾವಿದೆಗೆ ಹೇಳುತ್ತೇನೆ.

ಒಂದು ತೊಡಕು ಉಳಿಯಿತು. ‘ಪೋತೇ’ಯ ‘ಪೋ’ವನ್ನು ಅವಳು ಎಳೆದಿದ್ದಾಳೆ. ‘ಬಿ’ಯಲ್ಲಿ ತುಟಿ ಅಗಲವಾಗುತ್ತದೆ, ಚಿತ್ರದಲ್ಲಿ ಬಹಳ ಹೊತ್ತು ದುಂಡಾಗಿದೆ. ಸುಮ್ಮನೆ ಬಿಡುವಷ್ಟು ಸಣ್ಣದಲ್ಲ. ಎಳೆತ ತೀರಾ ಕಾಣುತ್ತದೆ ಎನಿಸಿದರೆ ‘ನೀನು ಹೋದರೆ’ ಎಂಬ ನಿನ್ನ ಮಾತಿಗೇ ಮರಳು, ‘ಹೋ’ವನ್ನು ಅವಳಷ್ಟೇ ಎಳೆಸು. ತುಟಿ ಮುಚ್ಚಿರುವ ಆ ಎರಡು ಫ್ರೇಮಿನ ಮೇಲೆ ‘ಮ್’ ಎಂಬ ಅದುಮಿದ ಬಿಕ್ಕನ್ನು ಇಡಿಸು. ಮುಚ್ಚಿದ ಬಾಯಿಂದ ಬರಬಹುದಾದ ದನಿ ಅದೊಂದೇ, ಅಳುವವಳ ಬಾಯಲ್ಲಿ ಅದು ಸಹಜವೂ ಹೌದು. ಇದು ಪ್ರತಿ ಸಾಲಿಗೂ ಬಳಸುವ ಉಪಾಯವಲ್ಲ. ಒಂದು ರೀಲಿನಲ್ಲಿ ನಾಲ್ಕು ಸಲ ಬಿಕ್ಕಿದರೆ ನಾಯಕಿಗೆ ನೆಗಡಿ ಎಂದುಕೊಳ್ಳುತ್ತಾರೆ.

ಉಸಿರನ್ನೂ ಬರೆ. ನಮಗೆ ಬರುವುದು ಸಂಗೀತ ಮತ್ತು ಪರಿಣಾಮ ಶಬ್ದಗಳ ಟ್ರ್ಯಾಕ್ ಮಾತ್ರ. ರೈಲಿನ ಸದ್ದು ಅದರಲ್ಲಿರುತ್ತದೆ, ಅವಳ ಉಸಿರು ಇರುವುದಿಲ್ಲ, ಅದು ಮೂಲದ ದನಿಯ ಜೊತೆಗೇ ಹೋಗಿರುತ್ತದೆ. ‘ಬಾವಾ’ ಮತ್ತು ‘ನುವ್ವು’ಗಳ ನಡುವೆ ಅವಳು ಎದೆ ತುಂಬ ಉಸಿರೆಳೆದು ನುಂಗಿದ್ದಾಳೆ, ಭುಜ ಮೇಲೇಳುತ್ತದೆ. ಪುಟದಲ್ಲಿ ಅಲ್ಲಿ ‘ಉಸಿರು, ನುಂಗುವುದು’ ಎಂದು ಬರೆಯದಿದ್ದರೆ ಆ ಜಾಗದಲ್ಲಿ ಭುಜ ಮೌನವಾಗಿ ಏರಿ ಇಳಿಯುತ್ತದೆ. ಮಾತು ಸಾಲದು ಎನಿಸಿ ಉಸಿರಿನ ಜಾಗದಲ್ಲಿ ಪದ ತುರುಕುವವರೂ ಇದ್ದಾರೆ, ನೀನು ಆ ಕೆಲಸ ಮಾಡಬೇಡ. ಇನ್ನೊಂದು ಮಾತು: ಎಲ್ಲಾದರೂ ಅರ್ಧ ಅಕ್ಷರ ಹೊಂದದೆ ಹೋದರೆ ದನಿಯನ್ನು ತುಸು ತಡವಾಗಿಸು, ಬೇಗ ಬರುವುದು ಬೇಡ. ತುಟಿಗಿಂತ ದನಿ ಒಂದು ಫ್ರೇಮ್ ತಡವಾದರೆ ಕಿವಿ ಒಪ್ಪಿಕೊಳ್ಳುತ್ತದೆ, ದೂರದವರ ಮಾತು ಎಂದೂ ಕಣ್ಣಿಗಿಂತ ತಡವಾಗಿಯೇ ತಲುಪುತ್ತದೆ. ತುಟಿ ತೆರೆಯುವ ಮೊದಲೇ ದನಿ ಬಂದರೆ ತಕ್ಷಣ ಸಿಕ್ಕಿಬೀಳುತ್ತೇವೆ.

ಇನ್ನು ‘ಬಾವ’. ತುಟಿಯ ಲೆಕ್ಕದಲ್ಲಿ ‘ಭಾವ’, ‘ಮಾವ’ ಎರಡೂ ಒಂದೇ, ಯಾವುದನ್ನು ಇಟ್ಟರೂ ಕೂರುತ್ತದೆ. ನಿಮ್ಮ ಮಂಡ್ಯದಲ್ಲಿ ಹುಡುಗಿ ಪ್ರೀತಿಯಿಂದ ‘ಮಾವ’ ಎಂದರೆ ಕೇಳಲು ಹಿತ ಎಂದು ಮೂರನೆಯ ರೀಲಿನಲ್ಲಿ ನೀನು ಹಾಗೆ ಬದಲಿಸಿದ್ದೀಯ. ಹಿತವೇನೋ ಹೌದು. ಆದರೆ ನಮ್ಮವರು ಅದನ್ನು ಕೇಳಿದೊಡನೆ ಅವನು ಅವಳ ತಾಯಿಯ ತಮ್ಮ ಎಂದು ತಿಳಿಯುತ್ತಾರೆ, ಅಕ್ಕನ ಮಗಳನ್ನು ಮದುವೆಯಾಗುವ ವಾಡಿಕೆ ಇಲ್ಲಿ ಇದ್ದೇ ಇದೆಯಲ್ಲ. ಚಿತ್ರದಲ್ಲಿ ಅವನು ಸೋದರತ್ತೆಯ ಮಗ. ಐದನೆಯ ರೀಲಿನಲ್ಲಿ ಅವಳ ತಾಯಿ ಅವನನ್ನು ಅಳಿಯ ಎಂದು ಕರೆದಾಗ ಹಾಸನದಿಂದ ಚಾಮರಾಜನಗರದವರೆಗೆ ಎಲ್ಲ ಅಜ್ಜಿಯರೂ ಕುರ್ಚಿಯಲ್ಲಿ ಅತ್ತಿತ್ತ ತಿರುಗಿ ನಂಟಿನ ಲೆಕ್ಕ ಹಾಕುತ್ತಾರೆ, ಪ್ರೇಮ ಅಲ್ಲಿಗೆ ಮುರಿಯಿತು. ‘ಭಾವ’ವನ್ನೇ ಉಳಿಸು. ಜೊತೆಯಲ್ಲಿ ಬೆಳೆದವರು, ಆದ್ದರಿಂದ ಮದುವೆಗೆ ಮೊದಲು ‘ನೀನು’ ಸರಿ. ಮದುವೆಯ ನಂತರದ ದೃಶ್ಯಗಳಲ್ಲಿ ತೆಲುಗಿನವಳು ‘ಏಮಂಡಿ’ ಎನ್ನುತ್ತಾಳೆ, ನೀನು ಅಲ್ಲಿ ‘ರೀ’ ಇಟ್ಟಿದ್ದೀಯ. ಸಂಸ್ಕೃತಿಗೆ ಅದೇ ಸರಿ, ಆದರೆ ‘ಏಮಂಡಿ’ಯ ನಡುವೆ ತುಟಿ ಒಮ್ಮೆ ಮುಚ್ಚುತ್ತದೆ. ಮಾತಿನ ನಡುವೆ, ದೂರದ ಶಾಟ್‌ನಲ್ಲಿ ಬಂದರೆ ‘ರೀ’ ಇರಲಿ. ಅಡುಗೆಮನೆಯ ಕ್ಲೋಸಪ್ ಒಂದರಲ್ಲಿ ಮಾತ್ರ ‘ಏನೂಂದ್ರೆ’ಯೂ ಕೂರದು, ಅಲ್ಲಿ ‘ಇಲ್ಲಿ ಬನ್ನಿ’ ಎಂದು ಕರೆಸು. ‘ಬ’ಕಾರ ಆ ‘ಮ’ಕಾರದ ಮೇಲೆ ಬೀಳುವಂತೆ ‘ಇಲ್ಲಿ’ಯನ್ನು ಬೇಗ ಆಡಿಸು.

ಅವನು ಬೆನ್ನು ತಿರುಗಿಸಿ ನಿಂತು ಉತ್ತರ ಹೇಳುವ ಭಾಗವನ್ನು ನಾನು ಮುಟ್ಟಿಲ್ಲ. ಅಲ್ಲಿ ತುಟಿಯೇ ಕಾಣುವುದಿಲ್ಲ, ಎಷ್ಟು ಹೊತ್ತು ಮಾತನಾಡುತ್ತಾನೆ ಎಂಬುದಷ್ಟೇ ಕಟ್ಟು. ಅವಳ ಮಾತಿನಲ್ಲಿ ಹೇಳಲಾಗದೆ ಬಿಟ್ಟದ್ದನ್ನು ಅವನ ಬಾಯಲ್ಲಿ ಹಾಕಬಹುದು. ಮೂರು ಮತ್ತು ಐದನೆಯ ರೀಲುಗಳನ್ನು ತಿದ್ದಿದ ಮೇಲೆ, ಸ್ಟುಡಿಯೊಗೆ ಕೊಡುವ ಮೊದಲು ನನಗೊಮ್ಮೆ ಕಳಿಸು, ಚುಕ್ಕೆ ಸೊನ್ನೆಗಳ ಕಾಗದವನ್ನೂ ಜೊತೆಗೆ ಇಡು.

ಇಂತಿ,
ನಿನ್ನ ಅಣ್ಣ