ಹಗಲು ಮದುವೆಗೆ ಕೆನೆ ಬಣ್ಣದ ಶೇರ್ವಾನಿ: ಅಳಿಯನಿಗೆ ಬರೆದ ಪತ್ರ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಕೈಸೇರಿತು. ಶೇರ್ವಾನಿಯೋ ಸೂಟೋ, ಪೇಟ ಯಾವ ಬಣ್ಣದ್ದು, ಶಲ್ಯ ಯಾವುದಕ್ಕೆ ಹೊಂದಬೇಕು, ಕಾಲಿಗೆ ಏನು ಎಂದು ನೀನು ಕೇಳಿರುವುದಕ್ಕೆಲ್ಲ, ಜವಳಿ ಅಂಗಡಿಯಲ್ಲಿ ನಲವತ್ತು ವರ್ಷ ಬಟ್ಟೆಯ ತಾನು ಬಿಚ್ಚಿ ಸುತ್ತಿದ ನನಗೆ ಉತ್ತರ ಹೇಳುವುದು ಕಷ್ಟವಲ್ಲ. ಆದರೆ ಅವುಗಳ ನಡುವೆ, ಬೇಗ ದಾಟಿಹೋಗಬೇಕೆಂಬ ಅವಸರದಲ್ಲಿ, "ಎಲ್ಲರೂ ಕೆನೆ ಬಣ್ಣ ಎನ್ನುತ್ತಿದ್ದಾರೆ, ಅದನ್ನು ತೊಟ್ಟು ಮಧ್ಯಾಹ್ನದ ಬಿಸಿಲಿಗೆ ನಿಂತರೆ ನಾನು ಇನ್ನಷ್ಟು ಕಪ್ಪಾಗಿ ಕಾಣುತ್ತೇನೆ, ಕಡುನೀಲಿ ಸೂಟು ಹಾಕಿಕೊಂಡು ಸುಮ್ಮನಿರುವುದೇ ವಾಸಿ" ಎಂದು ಬರೆದಿದ್ದೀಯಲ್ಲ, ಆ ಒಂದು ಸಾಲು ನನ್ನನ್ನು ಎರಡು ರಾತ್ರಿ ಮಲಗಗೊಡಲಿಲ್ಲ.

ಆ ಭಯಕ್ಕೆ ಆಧಾರವೇ ಇಲ್ಲವೆಂದು ಹೇಳಿ ನಿನ್ನನ್ನು ಸುಮ್ಮನಾಗಿಸಲಾರೆ, ಅದರಲ್ಲಿ ಅರ್ಧ ನಿಜವಿದೆ. ಹಾಲುಬಿಳಿ ಬಟ್ಟೆ ನಿನ್ನಂಥ, ನನ್ನಂಥ ಎಣ್ಣೆಗೆಂಪಿನವರನ್ನು ಹಗಲಿನಲ್ಲಿ ಕಪ್ಪಾಗಿಸುವುದು ಹೌದು. ಅಂಥ ಬಟ್ಟೆಗಳಲ್ಲಿ ಹೆಚ್ಚಿನವಕ್ಕೆ ಗಿರಣಿಯಲ್ಲೇ ಹೊಳಪಿನ ರಾಸಾಯನಿಕ ಹಾಕಿರುತ್ತಾರೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದೆ ಇರುವ ನೇರಳಾತೀತ ಕಿರಣವನ್ನು ಅದು ಹೀರಿ ನೀಲಿ ಹೊಳಪಾಗಿ ಬಿಡುತ್ತದೆ, ಆಗ ನೋಡುವವರ ಕಣ್ಣು ಮೊದಲು ಬಟ್ಟೆಗೆ ಹೋಗುತ್ತದೆ, ಮುಖ ಹಿಂದೆ ಉಳಿಯುತ್ತದೆ. ಕ್ಯಾಮೆರಾ ಕೂಡ ಹಾಗೆಯೇ ಮೋಸಹೋಗುತ್ತದೆ. ಎದುರಿಗೆ ಬಿಳಿ ಹೆಚ್ಚಿದ್ದರೆ ಬೆಳಕು ವಿಪರೀತವಾಯಿತೆಂದು ಭಾವಿಸಿ ಇಡೀ ಚಿತ್ರವನ್ನೇ ಮಂಕಾಗಿಸಿಬಿಡುತ್ತದೆ. ಆದರೆ ಕೆನೆ ಬಣ್ಣ ಹಾಲುಬಿಳಿಯಲ್ಲ. ಕಾಯಿಸಿದ ಹಸುವಿನ ಹಾಲಿನ ಮೇಲೆ ಕಟ್ಟುವ ಕೆನೆಗೆ ಇರುವ ಹಳದಿಯ ಎಳೆ ಅದರಲ್ಲಿರಬೇಕು. ಆ ಎಳೆ ನಿನ್ನ ಚರ್ಮದಲ್ಲೂ ಇದೆ, ಹಾಗಾಗಿ ಎರಡೂ ಜಗಳವಾಡುವುದಿಲ್ಲ.

ಕಡುನೀಲಿ ಸೂಟಿನ ಮಾತು ಓದಿದಾಗ ನನಗೆ ನನ್ನ ಮದುವೆ ನೆನಪಾಯಿತು. 1981ರ ಮೇ ತಿಂಗಳು, ದಾವಣಗೆರೆಯ ಬಿಸಿಲು, ಅಕ್ಷತೆ 12.30ಕ್ಕೆ. ಕಪ್ಪು ಹುಡುಗ ಗಾಢ ಬಣ್ಣ ತೊಟ್ಟರೆ ಮೈಬಣ್ಣ ಮರೆಯಾಗುತ್ತದೆ ಎಂದು ಆಗಿನ ನನ್ನ ಯಜಮಾನರು ಹೇಳಿದ್ದನ್ನು ನಂಬಿ ನಾನು ಕಡುನೀಲಿ ಟೆರಿಕಾಟ್ ಸೂಟು ಹೊಲಿಸಿದ್ದೆ. ನಡುಹಗಲಿನ ಬಿಸಿಲು ನೆತ್ತಿಯ ಮೇಲಿಂದ ಬೀಳುತ್ತದೆ. ಕಣ್ಣಿನ ಗುಳಿಗೆ, ಮೂಗಿನ ಕೆಳಗೆ, ಗದ್ದದ ಕೆಳಗೆ ನೆರಳು ಕಟ್ಟುತ್ತದೆ. ಎದೆಯ ಮೇಲೆ ತಿಳಿಬಣ್ಣವಿದ್ದರೆ ಬೆಳಕು ಅದಕ್ಕೆ ಬಡಿದು ಕೆಳಗಿನಿಂದ ಮುಖಕ್ಕೆ ಏರಿ ಆ ನೆರಳನ್ನು ತಿಳಿಯಾಗಿಸುತ್ತದೆ. ನನ್ನ ಕೋಟು ಬೆಳಕನ್ನೆಲ್ಲ ಕುಡಿದುಬಿಟ್ಟಿತ್ತು. ಆಲ್ಬಮ್ಮಿನಲ್ಲಿ ನಿಮ್ಮ ಅತ್ತೆಯ ಮುಖ ನಗುತ್ತಿದೆ, ಪಕ್ಕದಲ್ಲಿ ನನ್ನ ಬಾಸಿಂಗವಷ್ಟೇ ಬೆಳ್ಳಗೆ ಕಾಣುತ್ತದೆ, ಅದರ ಕೆಳಗೆ ಯಾರಿದ್ದಾರೆಂದು ಹುಡುಕಬೇಕು. ಮರೆಮಾಡಲು ಹೋದದ್ದೇ ನನ್ನನ್ನು ಕಪ್ಪಾಗಿಸಿತ್ತು ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಅರ್ಥವಾಗುವ ಮೊದಲು ನಾನು ಅದೇ ಮಾತನ್ನು ಎಷ್ಟೋ ಹುಡುಗರಿಗೆ ಹೇಳಿದ್ದೇನೆ. ಕಪ್ಪು ಮೈಯ ಹುಡುಗ ತಂದೆತಾಯಿಯರೊಂದಿಗೆ ಬಂದು ಕುಳಿತರೆ ನನ್ನ ಕೈ ತಾನಾಗಿಯೇ ಬೂದಿ ಬಣ್ಣದ, ಮಣ್ಣು ಬಣ್ಣದ ತಾನುಗಳ ಕಡೆಗೆ ಹೋಗುತ್ತಿತ್ತು. ಚರ್ಮಕ್ಕೆ ತೀರ ಸಮೀಪದ ಕಂದು, ತಾಮ್ರ, ಬೂದಿ ಇವೇ ಮುಖವನ್ನು ಧೂಳು ಹಿಡಿದಂತೆ ಮಾಡುವ ಬಣ್ಣಗಳು. ಮುಖವೆಲ್ಲಿ ಮುಗಿಯಿತು, ಬಟ್ಟೆಯೆಲ್ಲಿ ಶುರುವಾಯಿತು ಎಂಬ ಗೆರೆಯೇ ಅಳಿಸಿಹೋಗುತ್ತದೆ. ಅವರನ್ನು ನಾನೇ ಮಂಕಾಗಿಸಿ ಕಳುಹಿಸಿದೆ. ನಿನಗೆ ಆರೇಳು ವರ್ಷವಿದ್ದಾಗ, ಯುಗಾದಿಗೆ ಅರಿಶಿನ ಬಣ್ಣದ ಅಂಗಿ ಬೇಕೆಂದು ನೀನು ಆ ತಾನಿನ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದೆ; "ಇವನ ಬಣ್ಣಕ್ಕೆ ಅದು ಬೇಡ ಅಕ್ಕ" ಎಂದು ಹೇಳಿ ಅದನ್ನು ನಿನ್ನ ಕೈಯಿಂದ ಬಿಡಿಸಿ ಕಂದು ಬಣ್ಣದ ಬಟ್ಟೆ ಹರಿದುಕೊಟ್ಟವನು ನಾನು. ನಿನಗೆ ಅದು ನೆನಪಿದೆಯೋ ಇಲ್ಲವೋ. ನಿನ್ನ ಪತ್ರದ ಆ ಸಾಲನ್ನು ಓದುವಾಗ ನನಗೆ ನನ್ನದೇ ಧ್ವನಿ ಕೇಳಿಸಿತು.

ಆದ್ದರಿಂದ ಈಗ ಹೇಳುವುದನ್ನು ಅಂಗಡಿಯವನ ಮಾತೆಂದು ಕೇವಲ ನಂಬಿಬಿಡಬೇಡ, ನೀನೇ ಪರೀಕ್ಷಿಸಿ ನೋಡು. ಬಟ್ಟೆಯನ್ನು ಅಂಗಡಿಯೊಳಗಿನ ದೀಪದಲ್ಲಿ ಆರಿಸಬೇಡ. ಅಲ್ಲಿನ ಹಳದಿ ದೀಪದ ಕೆಳಗೆ ಹಾಲುಬಿಳಿಯೂ ಕೆನೆಯಂತೆಯೇ ಕಾಣುತ್ತದೆ. ಮೂರು ಚೂರು ಸಾಕು: ಒಂದು ಹಾಲುಬಿಳಿ, ಒಂದು ಕೆನೆ, ಒಂದು ಅದಕ್ಕಿಂತ ತುಸು ಗಾಢವಾದ ಗೋಧಿ ಬಣ್ಣ. ಮದುವೆಯ ಹೊತ್ತಿಗೆ ಸರಿಯಾಗಿ, ಅಂದರೆ ಹನ್ನೆರಡರ ನಂತರ, ಅಂಗಳದಲ್ಲಿ ನಿಂತು ಒಂದೊಂದನ್ನೇ ಗದ್ದದ ಕೆಳಗೆ ಹರಡಿಕೊ. ನಿನ್ನ ತಂಗಿಗೆ ಬಟ್ಟೆಯನ್ನು ನೋಡದೆ ನಿನ್ನ ಕಣ್ಣಿನ ಕೆಳಗಿನ ನೆರಳನ್ನು ಮಾತ್ರ ನೋಡಲು ಹೇಳು. ಯಾವ ಚೂರು ಹಿಡಿದಾಗ ಆ ನೆರಳು ತಿಳಿಯಾಗುತ್ತದೋ, ಬಟ್ಟೆಗಿಂತ ಮೊದಲು ಮುಖ ಕಾಣುತ್ತದೋ, ಅದು ನಿನ್ನದು. ಮೊಬೈಲಿನಲ್ಲಿ ಚಿತ್ರ ತೆಗೆದು ನಿರ್ಧರಿಸಬೇಡ, ಅದು ತನಗೆ ತೋಚಿದಂತೆ ಬಣ್ಣ ತಿದ್ದುತ್ತದೆ. ಕೆನೆಯೇ ಗೆಲ್ಲುತ್ತದೆಂದು ನನ್ನ ಎಣಿಕೆ, ಗೋಧಿ ಬಣ್ಣ ಗೆದ್ದರೂ ನನಗೆ ಬೇಸರವಿಲ್ಲ.

ಕಣ್ಣು ಕುಕ್ಕುವ ಸ್ಯಾಟಿನ್ನು ಬೇಡ. ಎಳೆ ದಪ್ಪ ಸಣ್ಣವಾಗಿ ಗಂಟುಗಂಟಾಗಿ ಕಾಣುವ ಡುಪಿಯಾನ್ ರೇಷ್ಮೆ ಬಿಸಿಲನ್ನು ಒಡೆದು ಮೆತ್ತಗೆ ಹಿಂತಿರುಗಿಸುತ್ತದೆ. ಒಳಗಿನ ಲೈನಿಂಗ್ ಹತ್ತಿಯದೇ ಇರಲಿ, ಟೈಲರ್ ಬೇರೆ ಹೇಳಿದರೂ ಒಪ್ಪಬೇಡ. ಇನ್ನೊಂದು ಮಾತು: ಬೆವರಿನ ಗುರುತು ಎದ್ದು ಕಾಣುವುದು ಬೂದಿ ಮತ್ತು ತಿಳಿನೀಲಿಯಲ್ಲಿ, ಕೆನೆಯಲ್ಲಿ ಬಹಳ ಕಡಿಮೆ.

ನಿನ್ನ ಭಯಕ್ಕೆ ನಿಜವಾದ ಮದ್ದು ಇರುವುದು ಶೇರ್ವಾನಿಯಲ್ಲಲ್ಲ, ಪೇಟದಲ್ಲಿ. ಮುಖಕ್ಕೆ ಅತಿ ಹತ್ತಿರದ ಬಟ್ಟೆ ಅದು. ಹುಡುಗಿಯ ಸೀರೆ ಕುಂಕುಮ ಬಣ್ಣದ ಒಡಲು, ಎಲೆಹಸಿರಿನ ಅಂಚು ಎಂದು ಬರೆದಿದ್ದೀಯ. ಪೇಟ ಆ ಕುಂಕುಮದ್ದೇ ಆಗಲಿ, ಸೀರೆಗಿಂತ ಒಂದು ಛಾಯೆ ಗಾಢವಾಗಿರಲಿ. ಕೆಂಪು ಮೇಲೆ, ಕೆನೆ ಕೆಳಗೆ ಇದ್ದು ನಡುವೆ ನಿನ್ನ ಮುಖವಿದ್ದರೆ ಮೂರೂ ಬೇರೆ ಬೇರೆಯಾಗಿ ನಿಲ್ಲುತ್ತವೆ. ಸಿದ್ಧ ಪೇಟಕ್ಕಿಂತ ಹತ್ತಿಯ ಮಲ್ಮಲ್ ಬಟ್ಟೆಯನ್ನು ಅಂದೇ ಬೆಳಿಗ್ಗೆ ಸುತ್ತಿಸುವುದು ಒಳ್ಳೆಯದು. ಬೆವರು ಹೀರುತ್ತದೆ, ಬಾಸಿಂಗದ ದಾರವೂ ಜಾರದೆ ನಿಲ್ಲುತ್ತದೆ. ಹುಬ್ಬಿನ ಮೇಲಕ್ಕೆ ಎರಡು ಬೆರಳಿನಷ್ಟು ಜಾಗ ಬಿಟ್ಟು, ತುಸು ಹಿಂದಕ್ಕೆ ಸುತ್ತಲು ಹೇಳು. ಕೆಳಗೆ ಇಳಿದರೆ ಅದರ ನೆರಳೇ ಕಣ್ಣಿನ ಮೇಲೆ ಬೀಳುತ್ತದೆ, ಆಗ ನೀನು ಹೆದರಿದ್ದೇ ಆಗುತ್ತದೆ.

ಆ ಕೆಂಪು ಬಟ್ಟೆಯ ಬಣ್ಣ ಬಿಡುತ್ತದೆಯೇ ಎಂದು ಮೊದಲು ನೋಡಿಕೊಳ್ಳದಿದ್ದರೆ ಇಷ್ಟೂ ಹಾಳು. ಒಂದು ಮೂಲೆಯನ್ನು ಉಪ್ಪುನೀರಿನಲ್ಲಿ ಒದ್ದೆ ಮಾಡಿ ಬಿಳಿ ಕರವಸ್ತ್ರದ ಮೇಲೆ ಹತ್ತು ನಿಮಿಷ ಒತ್ತಿಡು. ಗುಲಾಬಿ ಗುರುತು ಬಿದ್ದರೆ ಆ ಬಟ್ಟೆ ಬೇಡವೇ ಬೇಡ, ಬೆವರಿನೊಂದಿಗೆ ಇಳಿದು ಕೆನೆ ಬಣ್ಣದ ಕಾಲರಿಗೆ ಅಂಟುತ್ತದೆ. ಹೀಗೆ ಕಾಲರು ಕೆಂಪಾಗಿ, ಮದುವೆಯುದ್ದಕ್ಕೂ ಕುತ್ತಿಗೆಯನ್ನು ಶಲ್ಯದಿಂದ ಮುಚ್ಚಿಕೊಂಡೇ ನಿಂತ ಮದುಮಗನನ್ನು ನಾನು ಕಂಡಿದ್ದೇನೆ. ಪೇಟದ ಬಟ್ಟೆ ನಮ್ಮ ಅಂಗಡಿಯಿಂದಲೇ ಹೋಗಿತ್ತು.

ಶಲ್ಯಕ್ಕೂ ಕುಂಕುಮ ಬಣ್ಣವನ್ನೇ ಹಾಕಿದರೆ ಹುಡುಗಿಯ ಸೀರೆಯೇ ನಿನ್ನ ಮೇಲೂ ಹರಡಿದಂತಾಗುತ್ತದೆ. ಅಂಚಿನ ಎಲೆಹಸಿರನ್ನು ಶಲ್ಯಕ್ಕೆ ತೆಗೆದುಕೊ. ಆದರೆ ಅದನ್ನು ಕೊರಳಿಗೆ ಸುತ್ತಿಕೊಳ್ಳದೆ ಒಂದು ಹೆಗಲಿನಿಂದ ನೇರವಾಗಿ ಇಳಿಬಿಡು. ಹಸಿರು ಬಟ್ಟೆ ಗದ್ದದ ಹತ್ತಿರ ಬಂದರೆ ಅದರ ಬೆಳಕು ಚರ್ಮಕ್ಕೆ ಹಸಿರು ಛಾಯೆ ಕೊಟ್ಟು ಕಳೆಗುಂದಿಸುತ್ತದೆ. ಬಣ್ಣ ಹೊಂದಿಸಲು ಸೀರೆಯ ಫೋಟೋ ಸಾಲದು. ಸೀರೆಯ ರವಿಕೆ ಕಣದಿಂದ, ಅಂಚು ಸೇರುವಂತೆ, ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಕೊಡಲು ಹುಡುಗಿಯ ಮನೆಯವರನ್ನು ಕೇಳುವುದು ತಪ್ಪಲ್ಲ. ರೇಷ್ಮೆಯನ್ನು ರೇಷ್ಮೆಗೇ ಹೊಂದಿಸು, ವೆಲ್ವೆಟ್ಟಿನಲ್ಲಿ ಅದೇ ಹಸಿರು ಕಪ್ಪಾಗಿ ಕಾಣುತ್ತದೆ. ಜರಿ, ಗುಂಡಿ, ಪೇಟದ ಮೇಲಿನ ಪದಕ ಎಲ್ಲವೂ ಮಾಸಲು ಚಿನ್ನದ ಬಣ್ಣದಲ್ಲಿರಲಿ.

ಮೋಜಡಿಯ ವಿಷಯ ಹೆಚ್ಚು ಬರೆಯುವಂಥದ್ದೇನೂ ಇಲ್ಲ. ಮಂಟಪ ಹತ್ತುವಾಗ ಹೇಗೂ ಕಳಚಿಡುತ್ತೀಯ. ಅದೇ ಮಾಸಲು ಚಿನ್ನದ ಕಸೂತಿಯ ಚರ್ಮದ ಜೋಡಿ ಸಾಕು. ಹಿಮ್ಮಡಿ ಕಚ್ಚುತ್ತದೆಯಾದ್ದರಿಂದ ಒಳಗಡೆ ಕೊಬ್ಬರಿ ಎಣ್ಣೆ ಸವರಿ, ಕಾಲುಚೀಲದೊಂದಿಗೆ ಒಂದು ವಾರ ಮನೆಯಲ್ಲಿ ಮೆಟ್ಟಿಕೊಂಡು ಓಡಾಡು.

ಕೆನೆ ಬಣ್ಣಕ್ಕೆ ನಾನೂ ಹೆದರುವ ಒಂದು ವಿಷಯವಿದೆ, ಅದು ಅಕ್ಷತೆ. ಅರಿಶಿನ ಕಲಸಿದ ಅಕ್ಕಿ ಹಸಿಯಾಗಿದ್ದರೆ ಬಿದ್ದಲ್ಲೆಲ್ಲ ಚುಕ್ಕೆ ಮೂಡುತ್ತದೆ. ಅಕ್ಷತೆಯನ್ನು ಹಿಂದಿನ ದಿನವೇ ಕಲಸಿ ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಲು ಅಕ್ಕನಿಗೆ ನಾನೇ ಹೇಳುತ್ತೇನೆ. ಕಲೆಯಾದರೂ ಯಾರೂ ಸೋಪು ಹಚ್ಚಬಾರದು, ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ; ಹಾಗೆಯೇ ಬಿಟ್ಟು ಮರುದಿನ ಡ್ರೈಕ್ಲೀನಿಗೆ ಕೊಡಬೇಕು. ಫೋಟೋದವನಿಗೆ ಮಾತ್ರ ನೀನೇ ಹೇಳಬೇಕು: ಬಟ್ಟೆಗಲ್ಲ, ನನ್ನ ಮುಖಕ್ಕೆ ಬೆಳಕು ಅಳೆದುಕೊ ಎಂದು. ಹೇಳಲು ಸಂಕೋಚವಾದರೆ ನಾನು ಅವನ ಪಕ್ಕದಲ್ಲೇ ನಿಂತಿರುತ್ತೇನೆ.

ಇಷ್ಟು ಹೇಳುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು, ಒಪ್ಪದಿದ್ದುದನ್ನು ಬಿಟ್ಟುಬಿಡು. ಮೂರು ಚೂರುಗಳನ್ನು ನಾನೇ ಇಲ್ಲಿಂದ ಆರಿಸಿ ಈ ಪತ್ರಕ್ಕೆ ಹೊಲಿದು ಕಳುಹಿಸುತ್ತಿದ್ದೇನೆ. ನಾಲ್ಕನೆಯದು ಅರಿಶಿನ ಬಣ್ಣದ ಹತ್ತಿ ಬಟ್ಟೆ, ಎರಡೂವರೆ ಮೀಟರ್ ಇದೆ, ಬೇರೆ ಪೊಟ್ಟಣದಲ್ಲಿ ಬರುತ್ತದೆ. ಮದುವೆಯ ಹಿಂದಿನ ದಿನದ ಅರಿಶಿನ ಶಾಸ್ತ್ರಕ್ಕೆ ಅದರಲ್ಲಿ ಒಂದು ಜುಬ್ಬಾ ಹೊಲಿಸಿಕೊ.

ಇಂತಿ ನಿನ್ನ ಮಾವ