ಒಂಬತ್ತು ಪುಟದ ಸುತ್ತೋಲೆ, ನಾಲ್ಕು ಸಾಲಿನ ಸಂದೇಶ: ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳೇ,

ನಾನು ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಒಬ್ಬ ಸಣ್ಣ ಅಡಿಕೆ ಬೆಳೆಗಾರ. ನನ್ನ ಮಗ ತಾಲ್ಲೂಕಿನ ಒಂದು ಖಾಸಗಿ ಶಾಲೆಯಲ್ಲಿ ಐದನೇ ತರಗತಿ ಓದುತ್ತಿದ್ದಾನೆ. ಆ ಶಾಲೆ ಪ್ರತಿ ವರ್ಷ ಶುಲ್ಕ ಮತ್ತು ರಜೆಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಸುತ್ತೋಲೆ ಕಳಿಸುತ್ತದೆ. ನಮ್ಮ ತರಗತಿಯ ಪೋಷಕರಲ್ಲಿ ಹೆಚ್ಚಿನವರಿಗೆ ಅದನ್ನು ಓದಲು ಬಾರದ ಕಾರಣ, ಅದರ ಸಾರಾಂಶವನ್ನು ಕನ್ನಡದಲ್ಲಿ ಬರೆದು ಪೋಷಕರ ಗುಂಪಿಗೆ ಹಾಕುವ ಕೆಲಸವನ್ನು ನಾಲ್ಕು ವರ್ಷಗಳಿಂದ ನಾನೇ ಮಾಡುತ್ತಾ ಬಂದಿದ್ದೇನೆ. ಈ ವರ್ಷ ನನ್ನ ಸಾರಾಂಶವನ್ನು ನಂಬಿದ ಒಬ್ಬ ತಾಯಿಗೆ 700 ರೂಪಾಯಿ ದಂಡ ಬಿತ್ತು ಮತ್ತು ಅವರ ಮಗಳು ಇಡೀ ಶಾಲೆಯ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಆ ಕಾರಣಕ್ಕೆ ಈ ಪತ್ರ.

ಸುತ್ತೋಲೆ ಬಂದದ್ದು ಶಾಲೆ ತೆರೆಯುವ ಹಿಂದಿನ ದಿನ, ರಾತ್ರಿ ಒಂಬತ್ತೂವರೆಗೆ. ಒಂಬತ್ತು ಪುಟ. ಕಾಗದಗಳನ್ನು ಓರೆಯಾಗಿ ಫೋಟೋ ಹೊಡೆದು ಮಾಡಿದ್ದ ಪಿಡಿಎಫ್ ಆದ್ದರಿಂದ ಅದರಲ್ಲಿ ಒಂದು ಪದವನ್ನೂ ಹುಡುಕಲು ಬರುವುದಿಲ್ಲ, ಮೊಬೈಲಿನಲ್ಲಿ ದೊಡ್ಡದು ಮಾಡಿದರೆ ಅಕ್ಷರ ಮಸುಕಾಗುತ್ತದೆ. ಹೊರಗೆ ಮಳೆ ಹಿಡಿದಿತ್ತು, ಕರೆಂಟು ಹೋಗಿತ್ತು, ಗುಂಪಿನಲ್ಲಿ ಮೂವತ್ತು ಜನ ‘ಏನು ಹೇಳಿದ್ದಾರೆ’ ಎಂದು ಕೇಳುತ್ತಿದ್ದರು. ಎರಡನೇ ಪುಟ ನೋಡಿ ನಾನು ಬರೆದದ್ದು ಇಷ್ಟು:

‘ಶುಲ್ಕ ಶೇಕಡಾ 8 ಹೆಚ್ಚಾಗಿದೆ. ಮೊದಲ ಕಂತು ಜೂನ್ 30ರೊಳಗೆ ಕಟ್ಟಬೇಕು. ಎರಡನೇ ಕಂತು ಅಕ್ಟೋಬರ್ 31ರೊಳಗೆ. ದಸರಾ ರಜೆ ಎಂದಿನಂತೆ ಇದೆ.’

ಈ ನಾಲ್ಕು ಸಾಲುಗಳಲ್ಲಿ ಪೂರ್ತಿ ಸುಳ್ಳು ಎನ್ನುವಂಥದ್ದು ಒಂದೂ ಇಲ್ಲ. ಆದರೆ ಪೂರ್ತಿ ನಿಜವಾದದ್ದೂ ಒಂದೂ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಶೇಕಡಾ 8 ಹೆಚ್ಚಾದದ್ದು ಬೋಧನಾ ಶುಲ್ಕ ಮಾತ್ರ. ಅದು 24,000ದಿಂದ 25,920 ಆಗಿತ್ತು. ಹಿಂದಿನ ವರ್ಷ ಬೋಧನಾ ಶುಲ್ಕದೊಳಗೇ ಸೇರಿದ್ದ ಚಟುವಟಿಕೆ ಮತ್ತು ಸ್ಮಾರ್ಟ್ ಕ್ಲಾಸಿನ ಖರ್ಚನ್ನು ಈ ಸಲ ಹೊರಗೆ ತೆಗೆದು ಪ್ರತ್ಯೇಕವಾಗಿ 3,500 ಮಾಡಿದ್ದರು, ಅದು ಐದನೇ ಪುಟದಲ್ಲಿತ್ತು. ಶಾಲಾ ವಾಹನಕ್ಕೆ ತಿಂಗಳಿಗೆ 1,200ರಂತೆ ಹತ್ತು ತಿಂಗಳಿಗೆ ಕಟ್ಟುತ್ತಿದ್ದೆವು, ಈಗ 1,300ರಂತೆ ಹನ್ನೊಂದು ತಿಂಗಳಿಗೆ ಎಂದು ಏಳನೇ ಪುಟ ಹೇಳುತ್ತಿತ್ತು. ಎಲ್ಲವನ್ನೂ ಕೂಡಿಸಿದರೆ ಹೋದ ವರ್ಷ 36,000 ಕಟ್ಟಿದ ಮನೆ ಈ ವರ್ಷ 43,720 ಕಟ್ಟಬೇಕು. ಹೆಚ್ಚಳ 7,720 ರೂಪಾಯಿ, ಅಂದರೆ ಶೇಕಡಾ 21ಕ್ಕೂ ಮೇಲೆ. ಒಂಬತ್ತು ಪುಟಗಳಲ್ಲಿ ಎಲ್ಲಿಯೂ ಹಳೆಯ ಒಟ್ಟು ಮೊತ್ತ ಮತ್ತು ಹೊಸ ಒಟ್ಟು ಮೊತ್ತ ಅಕ್ಕಪಕ್ಕ ಇರಲಿಲ್ಲ. ಅವು ಹಾಗೆ ಇದ್ದಿದ್ದರೆ ನನ್ನಂಥವನು ತಪ್ಪು ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ದಂಡದ ವಿಷಯ ಇದಕ್ಕಿಂತ ಕೆಟ್ಟದ್ದು. ಜೂನ್ 30 ಎಂಬುದು ಬೋಧನಾ ಶುಲ್ಕಕ್ಕೆ ಮಾತ್ರ ಅನ್ವಯಿಸುತ್ತಿತ್ತು. ವಾಹನ ಶುಲ್ಕದ ಮೊದಲ ಕಂತನ್ನು ಜೂನ್ 15ರೊಳಗೆ ಕಟ್ಟಬೇಕು, ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ ಎಂದು ಆರನೇ ಪುಟದ ಅಡಿಯಲ್ಲಿ, ನಕ್ಷತ್ರದ ಗುರುತು ಹಾಕಿ, ಸಣ್ಣ ಅಕ್ಷರದಲ್ಲಿ ಬರೆದಿದ್ದರು. ನಮ್ಮೂರಿನ ಆ ಅಕ್ಕ ತೋಟದ ಕೂಲಿಗೆ ಹೋಗುವವರು. ಜೂನ್ ಎಂದರೆ ನಮ್ಮ ಕಡೆ ತೋಟಕ್ಕೆ ಮೈಲುತುತ್ತದ ಔಷಧಿ ಹೊಡೆಸುವ ಕಾಲ, ಬೆಳೆಗಾರನ ಕೈಯಿಂದಲೇ ದುಡ್ಡು ಹೊರಗೆ ಹೋಗುತ್ತಿರುತ್ತದೆ, ಕೂಲಿಯವರ ಬಟವಾಡೆಯೂ ತಡವಾಗುತ್ತದೆ. ಅವರು ನನ್ನ ಸಂದೇಶವನ್ನು ಯಾರಿಂದಲೋ ಓದಿಸಿಕೊಂಡು, ದಿನ ಎಣಿಸಿ, ಒಂದು ದಿನ ಮುಂಚಿತವಾಗಿ ಜೂನ್ 29ಕ್ಕೆ ಹಣ ತಂದಿದ್ದರು. ಕಿಟಕಿಯ ಆಚೆಯ ಗುಮಾಸ್ತರು 16ರಿಂದ 29ರವರೆಗೆ ಹದಿನಾಲ್ಕು ದಿನ ಎಂದು ಲೆಕ್ಕ ಹಾಕಿ 700 ರೂಪಾಯಿ ಹೆಚ್ಚಿಗೆ ಕೇಳಿದರು. ಅಕ್ಕನ ಬಳಿ ಅಷ್ಟು ಇರಲಿಲ್ಲ. ತಂದ ಹಣವನ್ನೂ ಕಟ್ಟಿಸಿಕೊಳ್ಳದೆ ವಾಪಸು ಕಳಿಸಿದರು. ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಶುಲ್ಕ ಬಾಕಿ ಇರುವ ಮಕ್ಕಳ ಹೆಸರನ್ನು ಮೈಕಿನಲ್ಲಿ ಓದಿ ಮುಂದೆ ನಿಲ್ಲಿಸಿದರು. ನನ್ನ ಮಗನ ಪಕ್ಕದ ಬೆಂಚಿನ ಆ ಹುಡುಗಿ ಅಂದು ಊಟದ ಡಬ್ಬಿ ತೆರೆಯಲಿಲ್ಲವಂತೆ.

ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ತಂದೆತಾಯಿಯ ಬಾಕಿಗೆ ಹತ್ತು ವರ್ಷದ ಮಗುವನ್ನು ಮೈಕಿನ ಮುಂದೆ ನಿಲ್ಲಿಸುವುದು ಕಿರುಕುಳವಲ್ಲದಿದ್ದರೆ ಮತ್ತೇನು ಸ್ವಾಮಿ?

ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಕ್ಕನಿಗೆ ಆ 700 ರೂಪಾಯಿ ಕೊಡಲು ಹೋದೆ, ಅವರು ತೆಗೆದುಕೊಳ್ಳಲಿಲ್ಲ. ಅಂದಿನಿಂದ ನಾನು ಸುತ್ತೋಲೆಯನ್ನು ಕೊನೆಯ ಪುಟದಿಂದ ಓದಲು ಶುರು ಮಾಡಿದ್ದೇನೆ, ಏಕೆಂದರೆ ಷರತ್ತುಗಳೆಲ್ಲ ಅಡಿಟಿಪ್ಪಣಿಯಲ್ಲಿ ಇರುತ್ತವೆ. ಶೇಕಡಾ ಎಂದು ಕಂಡರೆ ಯಾವುದರ ಶೇಕಡಾ ಎಂದು ನೋಡಿ ರೂಪಾಯಿಯಲ್ಲೇ ಬರೆಯುತ್ತೇನೆ. ಪ್ರತಿ ಸಾಲಿನ ಕೊನೆಗೆ ಅದು ಎಷ್ಟನೇ ಪುಟದ್ದು ಎಂದು ಹಾಕುತ್ತೇನೆ, ಅನುಮಾನವಿದ್ದ ಸಾಲಿನ ಮುಂದೆ ‘ಶಾಲೆಯಲ್ಲಿ ಕೇಳಬೇಕು’ ಎಂದು ಬರೆದು, ಕೇಳಿದ ಮೇಲೆಯೇ ಉತ್ತರ ಸೇರಿಸುತ್ತೇನೆ. ಇಷ್ಟಾದರೂ ತಪ್ಪು ಸಂದೇಶದ ಬೆನ್ನಟ್ಟಿ ಹಿಡಿಯಲಾಗುವುದಿಲ್ಲ. ಗುಂಪಿನಲ್ಲಿ ತಿದ್ದುಪಡಿ ಹಾಕಿದ್ದೆ, ಆದರೆ ಹಳೆಯದು ಅಷ್ಟರಲ್ಲಿ ಬೇರೆ ತರಗತಿಗಳ ಗುಂಪುಗಳಿಗೂ ಹೋಗಿ, ಅಲ್ಲಿ ಅದೇ ನಿಜವಾಗಿ ಉಳಿದಿತ್ತು.

ರಜೆಯ ವಿಷಯದಲ್ಲಿಯೂ ಹೀಗೆಯೇ ಆಯಿತು. ಒಂದರಿಂದ ಐದನೇ ತರಗತಿಗೆ 200, ಆರರಿಂದ ಎಂಟಕ್ಕೆ 220 ಶಾಲಾ ದಿನಗಳು ಇರಬೇಕೆಂದು ಅದೇ ಕಾಯ್ದೆಯ ಅನುಸೂಚಿ ಹೇಳುವುದರಿಂದ, ಜುಲೈ ಮಳೆಗೆ ಕೊಟ್ಟ ರಜೆಗಳನ್ನು ಶಾಲೆ ಮುಂದೆ ಸರಿದೂಗಿಸುವುದು ನ್ಯಾಯವೇ. ನಮ್ಮ ತಕರಾರು ಅದಕ್ಕಲ್ಲ. ಮಳೆ ರಜೆಯ ಬದಲಿಗೆ ದಸರಾ ರಜೆಯ ಮೊದಲ ಐದು ದಿನ ತರಗತಿ ನಡೆಯಬಹುದು ಎಂಬ ಮಾತು ಎಂಟನೇ ಪುಟದಲ್ಲಿ ಒಂದು ದೊಡ್ಡ ವಾಕ್ಯದ ನಡುವೆ ಹುದುಗಿತ್ತು, ಅದು ನಿಜವಾಗುತ್ತದೆ ಎಂದು ತಿಳಿಸಿದ್ದು ಕೇವಲ ಎರಡು ದಿನ ಮೊದಲು. ಆ ಹೊತ್ತಿಗೆ ಅರ್ಧ ತರಗತಿಯ ಮಕ್ಕಳು ಅಜ್ಜನ ಮನೆ ಸೇರಿದ್ದರು.

ತಮ್ಮಲ್ಲಿ ನಾನು ಕೇಳುವುದು ಒಂದೇ. ಶುಲ್ಕ ಏರಿಸಬೇಡಿ ಎನ್ನುತ್ತಿಲ್ಲ, ಸುತ್ತೋಲೆ ಒಂಬತ್ತು ಪುಟ ಇರಬಾರದು ಎಂದೂ ಹೇಳುತ್ತಿಲ್ಲ. ತಾಲ್ಲೂಕಿನ ಪ್ರತಿ ಖಾಸಗಿ ಶಾಲೆಯೂ ತನ್ನ ಸುತ್ತೋಲೆಯ ಮೇಲೆ ಕನ್ನಡದಲ್ಲಿ ಒಂದು ಪುಟದ ಸಾರಾಂಶವನ್ನು, ಮುಖ್ಯ ಶಿಕ್ಷಕರ ಸಹಿಯೊಂದಿಗೆ, ಮೊದಲ ಕಂತಿನ ಕೊನೆಯ ದಿನಕ್ಕೆ ಒಂದು ತಿಂಗಳು ಮೊದಲು ಕೊಡಬೇಕೆಂದು ಸೂಚಿಸಿ. ಆ ಪುಟದಲ್ಲಿ ಪ್ರತಿ ಬಾಬ್ತಿಗೂ ಹೋದ ವರ್ಷದ ಮೊತ್ತ, ಈ ವರ್ಷದ ಮೊತ್ತ, ಕೊನೆಯ ದಿನಾಂಕ, ದಂಡ ಇವು ಒಂದೇ ಸಾಲಿನಲ್ಲಿರಲಿ, ಕೆಳಗೆ ಒಟ್ಟು ಮೊತ್ತವಿರಲಿ, ಯಾವ ರಜೆ ಖಚಿತ, ಯಾವುದು ಮಳೆ ನೋಡಿಕೊಂಡು ಬದಲಾಗುತ್ತದೆ ಎಂಬುದು ಬೇರೆ ಬೇರೆಯಾಗಿರಲಿ. ಸಹಿ ಇರುವ ಒಂದು ಪುಟ ಕೊಡಿಸಿ ಎಂದು ಜುಲೈನಲ್ಲಿ ತಮ್ಮ ಕಚೇರಿಗೆ ಬಂದು ಅರ್ಜಿ ಕೊಟ್ಟಿದ್ದೇನೆ, ಆಗಸ್ಟಿನಲ್ಲಿ ನೆನಪೋಲೆಯನ್ನೂ ಕೊಟ್ಟಿದ್ದೇನೆ. ಎರಡಕ್ಕೂ ಸ್ವೀಕೃತಿ ಮುದ್ರೆ ಸಿಕ್ಕಿದೆ, ಉತ್ತರ ಸಿಕ್ಕಿಲ್ಲ.

ಎರಡನೇ ಕಂತಿನ ಕೊನೆಯ ದಿನ ಅಕ್ಟೋಬರ್ 31. ಅಷ್ಟರೊಳಗೆ ಆ ಒಂದು ಪುಟವನ್ನು ಕೊಡಿಸಿ, ಮತ್ತು ಬಾಕಿಯ ಹೆಸರನ್ನು ಪ್ರಾರ್ಥನೆಯಲ್ಲಿ ಓದುವುದನ್ನು ಇಂದೇ ನಿಲ್ಲಿಸಿ.

ಇಂತಿ ತಮ್ಮ ವಿಶ್ವಾಸಿ,
ಐದನೇ ತರಗತಿಯ ಒಬ್ಬ ಪೋಷಕ
ಶಿವಮೊಗ್ಗ ಜಿಲ್ಲೆ